ಯಂತ್ರ ಅನುವಾದಿಸಿದ ಇಮೇಲ್ ಕಳಿಸುವ ಮುನ್ನ: ಬಿಟ್ಟುಹೋದ 'ಬೇಡ', ತಪ್ಪಿದ ಕಾಲ, ಜಾರಿದ ಅರ್ಥ ಹಿಡಿಯುವುದು ಹೇಗೆ

"ಅಕ್ಕಾ, ನೀವೇ ಲೋಡ್ ಮಾಡಬೇಡಿ ಅಂತ ಬರೆದಿದ್ರಲ್ಲ?"

ಫೋನಿನಲ್ಲಿ ಹೀಗೆ ಕೇಳಿದವರು ನಮ್ಮ ರೈತ ಉತ್ಪಾದಕ ಸಂಸ್ಥೆಯ ಒಬ್ಬ ಹಳ್ಳಿ ಪ್ರತಿನಿಧಿ. ಸಂಕ್ರಾಂತಿ ಕಳೆದ ವಾರ ಅದು. ಲಾರಿ ಅವರ ಮನೆ ಮುಂದೆ ನಿಂತಿತ್ತು. ಚೆನ್ನಾಗಿ ಒಣಗಿದ 38 ಚೀಲ ರಾಗಿ ಒಳಗೇ ಇತ್ತು. ನಾನು ಕಳಿಸಿದ ಮೇಲ್ ತೆಗೆದು ನೋಡಿದೆ. "ತೇವಾಂಶ ಶೇಕಡಾ 12ಕ್ಕಿಂತ ಕಡಿಮೆಯಿದ್ದರೆ ಲೋಡ್ ಮಾಡಬೇಡಿ" ಅಂತ ಇತ್ತು. ಬೆಂಗಳೂರಿನ ಖರೀದಿದಾರರು ಇಂಗ್ಲಿಷಿನಲ್ಲಿ ಬರೆದಿದ್ದು ಇದಕ್ಕೆ ನೇರ ಉಲ್ಟಾ: 12ಕ್ಕಿಂತ ಕಡಿಮೆ ಇಲ್ಲದಿದ್ದರೆ ಲೋಡ್ ಮಾಡಬೇಡಿ. ಒಂದು 'ಇಲ್ಲದಿದ್ದರೆ' ಮಾಯವಾಗಿ 'ಇದ್ದರೆ' ಉಳಿದಿತ್ತು.

"ಒಣಗಿದ್ದು ಬೇಡ ಅಂತಾರಲ್ಲ, ಇದೇನಿದು ಅಂತ ಅನ್ನಿಸಲಿಲ್ವಾ ನಿಮಗೆ?" ಎಂದು ಕೇಳಿದೆ. "ಅನ್ನಿಸ್ತು ಅಕ್ಕಾ. ಕಂಪನಿಯವರು, ಏನೋ ಲೆಕ್ಕ ಇರುತ್ತೆ ಅಂದ್ಕೊಂಡೆ" ಎಂದರು. ಅವರದ್ದೇನೂ ತಪ್ಪಿರಲಿಲ್ಲ. ತಪ್ಪು ನನ್ನದು. ಯಂತ್ರ ಅನುವಾದಿಸಿ ಕೊಟ್ಟ ಕರಡು ಎಷ್ಟು ಸರಾಗವಾಗಿತ್ತೆಂದರೆ, ನಾನು ಒಂದು ಸಲ ಕಣ್ಣಾಡಿಸಿ ಕಳಿಸಿಬಿಟ್ಟಿದ್ದೆ.

ಈ ಸರಾಗವೇ ಈಗಿನ ತೊಂದರೆ. ಗೂಗಲ್ ಟ್ರಾನ್ಸ್‌ಲೇಟ್‌ಗೆ ಕನ್ನಡ ಬಂದಿದ್ದು 2011ರಲ್ಲಿ. ಆಗ ಅದು ಕೊಡುತ್ತಿದ್ದ ಕನ್ನಡ ಮುರಿದ ಮಡಕೆ ಹಾಗಿರುತ್ತಿತ್ತು. ಒಂದೊಂದು ಚೂರನ್ನೂ ಕೈಯಲ್ಲಿ ಹಿಡಿದು ನೋಡಲೇಬೇಕಿತ್ತು. 2017ರಲ್ಲಿ ಕನ್ನಡಕ್ಕೂ ಇಡೀ ವಾಕ್ಯವನ್ನು ಒಟ್ಟಿಗೆ ನೋಡಿ ಅನುವಾದಿಸುವ ನ್ಯೂರಲ್ ವಿಧಾನ ಬಂತು, ವಾಕ್ಯಗಳು ನಯವಾದವು. ನಯವಾದ ವಾಕ್ಯ ತಪ್ಪಿದ್ದರೂ ಸರಿಯಾಗಿಯೇ ಕೇಳಿಸುತ್ತದೆ. ಹಾಗಾಗಿ ಕನ್ನಡ ಸರಿ ಇದೆಯಾ ಅಂತ ಓದಿದರೆ ಸಾಲದು. ಬೇರೆ ರೀತಿಯಲ್ಲೇ ಓದಬೇಕು. ಆ ಫೋನ್ ಬಂದ ಮೇಲೆ ನಾನು ರೂಢಿ ಮಾಡಿಕೊಂಡ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ. ಹತ್ತು ವಾಕ್ಯದ ಮೇಲ್‌ಗೆ ನನಗೆ ಇಪ್ಪತ್ತು ನಿಮಿಷ ಹಿಡಿಯುತ್ತದೆ. ಇದು ಇಂಗ್ಲಿಷಿನಿಂದ ಕನ್ನಡಕ್ಕೆ ಬಂದ ಕರಡುಗಳಿಗೆ. ಕನ್ನಡದಿಂದ ಇಂಗ್ಲಿಷಿಗೆ ಹೋಗುವಾಗ ಸಿಗುವ ತಪ್ಪುಗಳ ಜಾತಿಯೇ ಬೇರೆ.

ಉದಾಹರಣೆಯ ಕರಡು

ಕೆಳಗಿನ ಕರಡನ್ನು ಕೊನೆಯವರೆಗೂ ಬಳಸುತ್ತೇನೆ. ಇಷ್ಟೂ ತಪ್ಪು ಒಂದೇ ಮೇಲ್‌ನಲ್ಲಿ ಬಂದಿದ್ದಲ್ಲ. ಬೇರೆ ಬೇರೆ ದಿನ ಸಿಕ್ಕವನ್ನು ಒಂದೇ ದಾರಕ್ಕೆ ಪೋಣಿಸಿದ್ದೇನೆ. ಯಂತ್ರ ಕೊಟ್ಟ ಕನ್ನಡ ಹೀಗಿದೆ:

1. ಏಳೂ ಹಳ್ಳಿಗಳಿಂದ ಮಾದರಿಗಳನ್ನು ನಾವು ಸ್ವೀಕರಿಸಿದ್ದೇವೆ.
2. ಅವೆಲ್ಲವೂ ಉತ್ತೀರ್ಣವಾಗಿಲ್ಲ.
3. ತೇವಾಂಶವು ಶೇಕಡಾ 12ಕ್ಕಿಂತ ಕಡಿಮೆಯಿದ್ದರೆ ಯಾವುದೇ ಲಾಟ್ ಅನ್ನು ಲೋಡ್ ಮಾಡಬೇಡಿ.
4. ನಾವು ಗುರುವಾರ ಲಾರಿಯನ್ನು ಕಳುಹಿಸುತ್ತಿದ್ದೇವೆ.
5. ಚೀಲಗಳು ಬೆಳಿಗ್ಗೆ 10 ಗಂಟೆಯ ನಂತರ ಗೋದಾಮನ್ನು ತಲುಪಬೇಕು.
6. ಖಾಲಿ ಗೋಣಿಚೀಲಗಳನ್ನು ನೀವು ಹಿಂತಿರುಗಿಸಬಾರದು.
7. ಡಿಸೆಂಬರ್ ಲಾಟ್‌ನ ಹಣವನ್ನು 5ರಂದು ಬಿಡುಗಡೆ ಮಾಡಲಾಗಿದೆ.
8. ತೂಕದ ಚೀಟಿಗಳನ್ನು ಸ್ವೀಕರಿಸಿದ ನಂತರ ಬಾಕಿಯನ್ನು ತೆರವುಗೊಳಿಸಲಾಗುವುದು.
9. ಈ ಮೊತ್ತಕ್ಕೆ ಯಾವುದೇ ಆಸಕ್ತಿ ಇರುವುದಿಲ್ಲ.

ಒಮ್ಮೆ ಓದಿ ನೋಡಿ. ಒಂಬತ್ತನೇ ಸಾಲು ಬಿಟ್ಟರೆ ಉಳಿದದ್ದು ಕಣ್ಣಿಗೆ ಚುಚ್ಚುವುದಿಲ್ಲ, ಅಲ್ವಾ? ಆದರೆ ಇದರಲ್ಲಿ ಹಾಗೇ ಕಳಿಸಬಹುದಾದದ್ದು ಎರಡೇ ಸಾಲು.

ಹೆಜ್ಜೆ 1: ಕರಡು ತೆರೆಯುವ ಮೊದಲು ಮೂಲ ಓದಿ

ಕನ್ನಡ ಕರಡನ್ನು ಮೊದಲು ಓದಿದರೆ ಅದರ ಅರ್ಥ ತಲೆಯಲ್ಲಿ ಕೂತುಬಿಡುತ್ತದೆ. ಆಮೇಲೆ ಇಂಗ್ಲಿಷ್ ಓದುವಾಗಲೂ ಅದೇ ಅರ್ಥ ಕಾಣುತ್ತದೆ. ನನಗೆ ಮೊದಲ ಸಲ ಆಗಿದ್ದು ಇದೇ. ಹಾಗಾಗಿ ಮೊದಲು ಮೂಲ ಓದಿ, ಓದುವವರು ಏನು ಮಾಡಬೇಕು, ಏನು ಮಾಡಬಾರದು, ಯಾವಾಗ ಅನ್ನುವುದನ್ನು ಒಂದು ಚೀಟಿಯಲ್ಲಿ ನಿಮ್ಮದೇ ಮಾತಿನಲ್ಲಿ ಗೀಚಿಕೊಳ್ಳಿ. ನನ್ನ ಚೀಟಿಯಲ್ಲಿ ಹೀಗಿತ್ತು: "12ಕ್ಕಿಂತ ಕೆಳಗಿದ್ರೆ ಮಾತ್ರ ಲೋಡ್. ಬಿತ್ತನೆ ರಾಗಿಗೆ ಈ ರೂಲ್ ಇಲ್ಲ. ಗುರುವಾರ 10ರೊಳಗೆ. ಚೀಲ ವಾಪಸ್ ಬೇಕಿಲ್ಲ. ಡಿಸೆಂಬರ್ ದುಡ್ಡು ಇನ್ನೂ ಬಂದಿಲ್ಲ. ಬಡ್ಡಿ ಇಲ್ಲ." ಈ ಚೀಟಿ ಕೊನೆಯ ಹೆಜ್ಜೆಗೂ ಬೇಕಾಗುತ್ತದೆ, ಬಿಸಾಡಬೇಡಿ.

ಹೆಜ್ಜೆ 2: ವಾಕ್ಯಗಳನ್ನು ಜೋಡಿ ಮಾಡಿ, ಎಣಿಸಿ

ಗೂಗಲ್ ಶೀಟ್ಸ್ ತೆರೆದು A ಕಾಲಂನಲ್ಲಿ ಸಂಖ್ಯೆ, B ಕಾಲಂನಲ್ಲಿ ಇಂಗ್ಲಿಷ್ ವಾಕ್ಯ, C ಕಾಲಂನಲ್ಲಿ ಯಂತ್ರದ ಕನ್ನಡ ಹಾಕಿ. D ನಿಮ್ಮ ತಿದ್ದುಪಡಿಗೆ. C ಕಾಲಂ ಮುಟ್ಟಬೇಡಿ. ಅಲ್ಲಿಯೇ ತಿದ್ದುತ್ತಾ ಹೋದರೆ ಯಾವುದು ಯಂತ್ರದ್ದು, ಯಾವುದು ನಿಮ್ಮದು ಎಂದು ಹತ್ತು ನಿಮಿಷಕ್ಕೆ ಮರೆತುಹೋಗುತ್ತದೆ. ಒಂದು ಅಡ್ಡಸಾಲಿಗೆ ಒಂದೇ ವಾಕ್ಯ. ಪ್ಯಾರಾ ಪ್ಯಾರಾ ಹಾಕಿದರೆ ಈ ಕೆಲಸ ಆಗುವುದಿಲ್ಲ.

ಈಗ ಎಣಿಸಿ. ನಮ್ಮ ಕರಡಿನಲ್ಲಿ ಒಂಬತ್ತು ವಾಕ್ಯ ಇವೆ. ಮೂಲದಲ್ಲಿ ಹತ್ತು ಇದ್ದವು. ಮೂರನೇ ವಾಕ್ಯದ ಬೆನ್ನಿಗೇ ಕಂಸದೊಳಗೆ ಒಂದು ಪುಟ್ಟ ವಾಕ್ಯ ಇತ್ತು: ಬಿತ್ತನೆಗೆ ಎತ್ತಿಟ್ಟ ಲಾಟ್‌ಗೆ ಇದು ಅನ್ವಯಿಸುವುದಿಲ್ಲ ಎಂದು. ಅದು ಪೂರ್ತಿ ಬಿದ್ದುಹೋಗಿದೆ. ಬಿಟ್ಟುಹೋದ ನಿಷೇಧ ಅಂದರೆ ವಾಕ್ಯದೊಳಗಿನ 'ಇಲ್ಲ' ಮಾತ್ರ ಅಲ್ಲ. ಇಡೀ 'ಇಲ್ಲ' ವಾಕ್ಯವೇ ಹಾರಿಹೋಗಿರಬಹುದು. ನನಗೆ ಹೀಗೆ ಹೆಚ್ಚಾಗಿ ಕಳೆದುಹೋಗಿರುವುದು ಕಂಸದಲ್ಲಿದ್ದದ್ದು, ಮತ್ತು ಪಟ್ಟಿಯ ಕೊನೆಯ ಸಾಲು. ಕೆಲವೊಮ್ಮೆ ಎರಡು ಇಂಗ್ಲಿಷ್ ವಾಕ್ಯ ಸೇರಿ ಒಂದು ಕನ್ನಡ ವಾಕ್ಯ ಆಗಿರುತ್ತದೆ, ಅದು ತಪ್ಪಲ್ಲ. ಆದರೆ ಲೆಕ್ಕ ತಾಳೆಯಾಗದಿದ್ದಾಗ ಯಾಕೆ ಅಂತ ನಿಮಗೆ ಗೊತ್ತಿರಬೇಕು.

ಅದೇ ಹೊತ್ತಿಗೆ ಅಂಕಿಗಳನ್ನೂ ನೋಡಿಕೊಂಡುಬಿಡಿ. 12, 10, 5, ಏಳು ಹಳ್ಳಿ, ಗುರುವಾರ, ಡಿಸೆಂಬರ್. ಎಲ್ಲ ಇವೆ. ಮುಂದಕ್ಕೆ.

ಹೆಜ್ಜೆ 3: ನಿಷೇಧಗಳ ಓದು

ಇದಕ್ಕೆ ಹೆಚ್ಚು ಸಮಯ ಕೊಡಿ. ಒಂದು ಸಲ ನಿಷೇಧಗಳನ್ನು ಬಿಟ್ಟು ಬೇರೇನೂ ನೋಡದೆ ಮೇಲಿಂದ ಕೆಳಗೆ ಹೋಗಬೇಕು. ಕಾಗುಣಿತದ ತಪ್ಪು ಕಂಡರೂ ಈಗ ಬಿಟ್ಟುಬಿಡಿ.

ಇಂಗ್ಲಿಷಿನಲ್ಲಿ 'ನಾಟ್', 'ನೋ', 'ನೆವರ್' ಬೇರೆ ಪದಗಳಾಗಿ ನಿಲ್ಲುತ್ತವೆ, ಹೆಚ್ಚಾಗಿ ಮುಖ್ಯ ಕ್ರಿಯಾಪದಕ್ಕಿಂತ ಮೊದಲೇ ಬರುತ್ತವೆ. ಕನ್ನಡದಲ್ಲಿ ನಿಷೇಧ ಕೂತಿರುವುದು ಕ್ರಿಯಾಪದದ ಬಾಲದಲ್ಲಿ, ಇಲ್ಲವೇ ಹೊಟ್ಟೆಯೊಳಗೆ. 'ಒಣಗಿದ ರಾಗಿ' ಮತ್ತು 'ಒಣಗದ ರಾಗಿ' ನೋಡಿ. ನಡುವೆ ಇರುವುದು ಒಂದು ಗುಡಿಸು, ಅಷ್ಟೇ. 'ಹೊಲಿದ ಚೀಲ', 'ಹೊಲಿಯದ ಚೀಲ'. 'ತೂಗಿಸಿ ತಂದರು', 'ತೂಗಿಸದೆ ತಂದರು'. ಇವುಗಳಲ್ಲಿ ಇಲ್ಲ, ಅಲ್ಲ, ಬೇಡ ಯಾವುದೂ ಇಲ್ಲ. ಆದರೂ ನಿಷೇಧ ಇದೆ. ವೇಗವಾಗಿ ಓದುವ ಕಣ್ಣು ಪದದ ತಲೆ ನೋಡಿ ಬಾಲವನ್ನು ಊಹಿಸಿಬಿಡುತ್ತದೆ. ಅದಕ್ಕೆ ನಾನು ಈ ಸುತ್ತಿನಲ್ಲಿ ಪ್ರತಿ ಕನ್ನಡ ವಾಕ್ಯದ ಕೊನೆಯ ಪದವನ್ನು ಮೊದಲು ಓದುತ್ತೇನೆ. ಆಮೇಲೆ ಒಳಗಿನ 'ಇದ್ದರೆ', 'ಆದರೆ', 'ಮಾಡಿ', 'ಮಾಡದೆ'ಗಳನ್ನು ಒಂದೊಂದಾಗಿ ಬೆರಳಿಟ್ಟು ನೋಡುತ್ತೇನೆ. ಮಕ್ಕಳು ಓದುವ ಹಾಗೆ ಅಂದುಕೊಳ್ಳಿ.

ಮೂಲದಲ್ಲಿ ನಿಷೇಧ ಎಲ್ಲೆಲ್ಲಿದೆ ಎಂದು ಗುರುತಿಸಲು ಒಂದು ಫಾರ್ಮುಲಾ ಸಹಾಯಕ್ಕೆ ಬರುತ್ತದೆ. E2ರಲ್ಲಿ ಹಾಕಿ ಕೆಳಗೆ ಎಳೆಯಿರಿ:

```
=IF(REGEXMATCH(LOWER(B2),"\b(no|not|nor|never|none|cannot|without|unless|until)\b|n['’]t"),"ನೋಡು","")
```

ಕೊನೆಯಲ್ಲಿ ಎರಡು ಥರದ ಅಪಾಸ್ಟ್ರಫಿ ಇಟ್ಟಿರುವುದು ಬೇಕಂತಲೇ. ಫೋನಿನಿಂದ ಬಂದ ಮೇಲ್‌ಗಳಲ್ಲಿ ಡೊಂಕಾದದ್ದು ಇರುತ್ತದೆ, ನೆಟ್ಟಗಿನದ್ದನ್ನು ಮಾತ್ರ ಹುಡುಕಿದರೆ 'ಡೋಂಟ್', 'ಕಾಂಟ್' ತಪ್ಪಿಸಿಕೊಳ್ಳುತ್ತವೆ. ಅಪಾಸ್ಟ್ರಫಿಯನ್ನೇ ಹಾಕದೆ ಬರೆಯುವವರ ಮೇಲ್ ಆದರೆ ಕಣ್ಣಿನಿಂದಲೇ ನೋಡಬೇಕು. 'ಫೇಲ್ ಟು', 'ರಿಫ್ರೇನ್', 'ಹಾರ್ಡ್ಲಿ' ಥರದ ಒಳನಿಷೇಧಗಳೂ ಈ ಬಲೆಗೆ ಬೀಳುವುದಿಲ್ಲ.

ಕನ್ನಡ ಕಡೆಗೂ ಇಂಥದ್ದೇ ಫಾರ್ಮುಲಾ ಮಾಡಲು ಹೋಗಿ ನಾನು ಸೋತಿದ್ದೇನೆ. 'ಇಲ್ಲ' ಎಂದು ಹುಡುಕಿದರೆ 'ಬರುವುದಿಲ್ಲ' ಸಿಗುವುದಿಲ್ಲ, ಯಾಕೆಂದರೆ ಅಲ್ಲಿ 'ಇ' ಅಕ್ಷರ ಇಲ್ಲ, ಗುಡಿಸು ಇದೆ. ಸರಿ, 'ಲ್ಲ' ಎಂದು ಹುಡುಕೋಣ ಅಂದರೆ 'ಎಲ್ಲ', 'ಊರಿನಲ್ಲಿ', 'ಜಿಲ್ಲೆ' ಎಲ್ಲವೂ ಬಂದು ಕೂರುತ್ತವೆ. 'ಒಣಗದ'ವನ್ನಂತೂ ಯಾವ ಹುಡುಕಾಟವೂ ಹಿಡಿಯುವುದಿಲ್ಲ. ಕನ್ನಡ ಕಡೆ ಬೆರಳೇ ಗತಿ.

ಗುರುತು ಬಿದ್ದ ಪ್ರತಿ ಸಾಲಿನಲ್ಲೂ ಮೂಲದಲ್ಲಿ ಎಷ್ಟು ನಿಷೇಧ, ಕರಡಿನಲ್ಲಿ ಎಷ್ಟು ಎಂದು ಎಣಿಸಿ. ಮೂರನೇ ಸಾಲಿನ ಮೂಲದಲ್ಲಿ ಎರಡು: 'ನಾಟ್' ಒಂದು, 'ಅನ್‌ಲೆಸ್' ಒಂದು. ಕರಡಿನಲ್ಲಿ 'ಬೇಡಿ' ಒಂದೇ. ಎರಡರಲ್ಲಿ ಒಂದು ಬಿದ್ದಿದೆ ಅಂದರೆ ಅರ್ಥ ತಿರುಗಿಬಿದ್ದಿದೆ ಎಂದೇ ಅನುಮಾನಿಸಿ. 'ಅನ್‌ಲೆಸ್' ಬಂದಾಗ ನಾನು ಯಂತ್ರದ ವಾಕ್ಯವನ್ನು ತೇಪೆ ಹಾಕಲು ಹೋಗುವುದೇ ಇಲ್ಲ. ಒಡೆದು ಎರಡು ವಾಕ್ಯ ಮಾಡುತ್ತೇನೆ: "ತೇವಾಂಶ 12ಕ್ಕಿಂತ ಕಡಿಮೆ ಇದ್ದರೆ ಮಾತ್ರ ಲೋಡ್ ಮಾಡಿ. ಸರಿಯಾಗಿ 12 ಇದ್ದರೂ, ಅದಕ್ಕಿಂತ ಜಾಸ್ತಿ ಇದ್ದರೂ ಮಾಡಬೇಡಿ." 'ಕಡಿಮೆ ಇಲ್ಲದಿದ್ದರೆ ಮಾಡಬೇಡಿ' ಎಂದು ಬರೆದರೂ ವ್ಯಾಕರಣ ಸರಿ. ಆದರೆ ಕಣದಲ್ಲಿ ನಿಂತು ಫೋನಿನಲ್ಲಿ ಓದುವವರಿಗೆ ಎರಡು ಇಲ್ಲಗಳನ್ನು ಕೂಡಿ ಕಳೆಯುವ ಕೆಲಸ ಯಾಕೆ? ಇನ್ನೊಂದು, ಮೀಟರ್ ಸರಿಯಾಗಿ 12 ತೋರಿಸಿದರೆ ಏನು ಮಾಡಬೇಕು ಎಂಬುದೂ ಇದರಲ್ಲಿ ಸ್ಪಷ್ಟ ಆಯಿತು.

ಎಣಿಕೆ ಅನುಮಾನ ಹುಟ್ಟಿಸುವುದಕ್ಕೆ ಮಾತ್ರ, ತೀರ್ಪು ಕೊಡುವುದಕ್ಕಲ್ಲ. ಐದನೇ ಸಾಲು ನೋಡಿ. ಮೂಲದಲ್ಲಿ 'ನೋ ಲೇಟರ್ ದ್ಯಾನ್' ಇತ್ತು, ಅಂದರೆ 10 ಗಂಟೆ ದಾಟಬಾರದು. ಕರಡಿನಲ್ಲಿ 'ನೋ' ಬಿದ್ದು 'ಲೇಟರ್ ದ್ಯಾನ್' ಉಳಿದಿದೆ, 10ರ ನಂತರ ಬನ್ನಿ ಎಂದಾಗಿದೆ. ಸರಿಯಾದ ಕನ್ನಡ "10 ಗಂಟೆಯೊಳಗೆ ತಲುಪಬೇಕು". ಇದರಲ್ಲಿ ಒಂದು ನಿಷೇಧವೂ ಇಲ್ಲ, ಆದರೂ ಪೂರ್ತಿ ಸರಿ. 'ನಾಟ್ ಲೆಸ್ ದ್ಯಾನ್' ಬಂದರೆ 'ಕನಿಷ್ಠ' ಎಂದಾಗುತ್ತದೆ. ಲೆಕ್ಕ ತಾಳೆಯಾಗಲಿಲ್ಲ ಅಂತ ಇವನ್ನು ಕೆಡಿಸಬೇಡಿ.

ಎರಡನೇ ಸಾಲಿನಲ್ಲಿ ನಿಷೇಧ ಬಿದ್ದಿಲ್ಲ, ಆದರೆ ಎಷ್ಟರ ಮೇಲೆ ಅದರ ಹಿಡಿತ ಎನ್ನುವುದು ಮಸುಕಾಗಿದೆ. 'ನಾಟ್ ಆಲ್' ಅಂದರೆ ಕೆಲವು ಪಾಸು, ಕೆಲವು ಇಲ್ಲ. "ಅವೆಲ್ಲವೂ ಉತ್ತೀರ್ಣವಾಗಿಲ್ಲ" ಅಂದರೆ? ನಮ್ಮ ಆಫೀಸಿನಲ್ಲೇ ಇಬ್ಬರನ್ನು ಕೇಳಿದೆ. ಒಬ್ಬರು ಏಳೂ ಫೇಲು ಅಂದರು, ಇನ್ನೊಬ್ಬರು ಕೆಲವು ಫೇಲು ಅಂದರು. 'ಎಲ್ಲ' ಮತ್ತು 'ಇಲ್ಲ' ಒಂದೇ ವಾಕ್ಯದಲ್ಲಿ ಎದುರಾದರೆ ವಾಕ್ಯ ಬದಲಿಸಿ: "ಏಳರಲ್ಲಿ ಕೆಲವು ಮಾದರಿಗಳು ಪಾಸಾಗಿಲ್ಲ." ಎಷ್ಟು ಎಂದು ಮೂಲದಲ್ಲಿ ಇಲ್ಲದಿದ್ದರೆ ನೀವು ಸೇರಿಸಬೇಡಿ. ಬೇಕಾದರೆ ಕಳಿಸಿದವರನ್ನು ಕೇಳಿ.

ಆರನೇ ಸಾಲು ಇನ್ನೊಂದು ಬಗೆ. ಮೂಲದಲ್ಲಿದ್ದದ್ದು 'ನೀಡ್ ನಾಟ್'. ವಾಪಸ್ ಕಳಿಸುವ ಅಗತ್ಯ ಇಲ್ಲ, ಕಳಿಸಿದರೆ ತೊಂದರೆಯೂ ಇಲ್ಲ. ಕರಡು ಅದನ್ನು 'ಹಿಂತಿರುಗಿಸಬಾರದು' ಎಂದು ನಿಷಿದ್ಧವೇ ಮಾಡಿದೆ. 'ಮಸ್ಟ್ ನಾಟ್'ಗೆ ಬಾರದು, ಕೂಡದು. 'ನೀಡ್ ನಾಟ್'ಗೆ ಬೇಕಿಲ್ಲ, ಬೇಕಾಗಿಲ್ಲ. ಇವೆರಡರ ನಡುವೆ ಸಿಕ್ಕಿಕೊಂಡಿರುವುದು 'ಬೇಡಿ'. ಮಾತಿನಲ್ಲಿ "ಕಳಿಸಬೇಡಿ ಬಿಡಿ" ಅಂದರೆ ಪರವಾಗಿಲ್ಲ ಎಂಬ ಅರ್ಥವೂ ಬರುತ್ತದೆ, ಬರಹದಲ್ಲಿ ಅದು ತಾಕೀತು. ಹಾಗಾಗಿ ಅಗತ್ಯ ಇಲ್ಲ ಎನ್ನಬೇಕಾದ ಕಡೆ 'ಬೇಡಿ' ಬಳಸದಿರುವುದು ಒಳ್ಳೆಯದು. "ವಾಪಸ್ ಕಳಿಸಬೇಕಾಗಿಲ್ಲ" ಎಂದು ತಿದ್ದಿದೆ.

ಒಮ್ಮೊಮ್ಮೆ ಗೊಂದಲ ಮೂಲದಲ್ಲೇ ಇರುತ್ತದೆ. ಒಂದು ಸಲ ಅವರ ಮೇಲ್‌ನಲ್ಲಿ ಇಂಥ ವಾಕ್ಯ ಇತ್ತು: 'ವಿ ಡಿಡ್ ನಾಟ್ ರಿಜೆಕ್ಟ್ ದ ಲಾಟ್ ಬಿಕಾಸ್ ಆಫ್ ಸ್ಟೋನ್ಸ್.' ಕಲ್ಲು ಇದ್ದುದರಿಂದ ತಿರಸ್ಕರಿಸಲಿಲ್ಲವೋ, ತಿರಸ್ಕರಿಸಿದ್ದು ಹೌದು ಆದರೆ ಕಾರಣ ಕಲ್ಲಲ್ಲವೋ? ಇಂಗ್ಲಿಷ್ ಎರಡಕ್ಕೂ ಬಾಗಿಲು ತೆರೆದಿಟ್ಟಿದೆ. ಕನ್ನಡದಲ್ಲಿ ಒಂದನ್ನು ಆರಿಸಲೇಬೇಕು. ಯಂತ್ರ ಕೇಳದೆ ಆರಿಸಿಬಿಡುತ್ತದೆ. ನೀವು ಫೋನ್ ಮಾಡಿ ಕೇಳಿ. ನಾನು ಕೇಳಿದಾಗ ಎರಡನೆಯದೇ ಸರಿ ಅಂತ ಗೊತ್ತಾಯಿತು. ಯಂತ್ರ ಬರೆದಿದ್ದು ಮೊದಲನೆಯದನ್ನು.

ಹೆಜ್ಜೆ 4: ಕಾಲದ ಓದು

ಈಗ ಮತ್ತೆ ಮೇಲಿಂದ ಕೆಳಗೆ. ಈ ಸಲ ಕೇಳಬೇಕಾದ ಪ್ರಶ್ನೆ ಒಂದೇ: ಇದು ಆಗಿದೆಯಾ, ಆಗುತ್ತಿದೆಯಾ, ಆಗಲಿದೆಯಾ, ಆಗಬೇಕಿತ್ತಾ? ವ್ಯಾಕರಣದ ಹೆಸರು ಬೇಕಿಲ್ಲ. ಪ್ರತಿ ಸಾಲಿನ ಮುಂದೆ 'ಆಯ್ತು', 'ಆಗ್ತಿದೆ', 'ಆಗುತ್ತೆ', 'ಆಗಬೇಕಿತ್ತು' ಎಂದು ಮೂಲ ನೋಡಿ ಬರೆಯಿರಿ. ಆಮೇಲೆ ಕರಡಿಗೆ ಹೋಲಿಸಿ.

ಆಫೀಸ್ ಮೇಲ್‌ಗಳಲ್ಲಿ 'ಮಾಡಲಾಗಿದೆ' ಜಾತಿಯ ಬಾಲಗಳು ತುಂಬಿರುತ್ತವೆ. ಮಾಡಲಾಗಿದೆ ಅಂದರೆ ಮುಗಿದಿದೆ. ಮಾಡಲಾಗುತ್ತಿದೆ ಅಂದರೆ ನಡೆಯುತ್ತಿದೆ. ಮಾಡಲಾಗುವುದು ಅಂದರೆ ಇನ್ನು ಮುಂದೆ. ಈ ಮೂರೂ ನೋಡಲು ಅಣ್ಣತಮ್ಮಂದಿರ ಹಾಗಿರುತ್ತವೆ, ದುಡ್ಡಿನ ವಿಷಯದಲ್ಲಿ ಮಾತ್ರ ಒಬ್ಬರಿಗೊಬ್ಬರು ಸಂಬಂಧವಿಲ್ಲ.

ಏಳನೇ ಸಾಲಿನ ಮೂಲದಲ್ಲಿ 'ವಾಸ್ ಟು ಹ್ಯಾವ್ ಬೀನ್ ರಿಲೀಸ್ಡ್' ಎಂದಿತ್ತು. ಅಂದರೆ 5ರಂದು ಹಣ ಬಿಡುಗಡೆ ಆಗಬೇಕಿತ್ತು, ಆಗಲಿಲ್ಲ. ಈ ಇಂಗ್ಲಿಷಿನಲ್ಲಿ 'ನಾಟ್' ಎಲ್ಲೂ ಇಲ್ಲ. ಫಾರ್ಮುಲಾ ಹಿಡಿಯಲಿಲ್ಲ, ನಿಷೇಧದ ಸುತ್ತಿನಲ್ಲೂ ಜಾರಿಕೊಂಡಿತು. ಕರಡು "ಬಿಡುಗಡೆ ಮಾಡಲಾಗಿದೆ" ಎಂದು ಸಲೀಸಾಗಿ ಹೇಳಿಬಿಟ್ಟಿದೆ. ಇದು ಹೋಗಿದ್ದರೆ ಏಳು ಹಳ್ಳಿಯ ರೈತರು ಬ್ಯಾಂಕಿಗೆ ಹೋಗಿ ಪಾಸ್‌ಬುಕ್ ಎಂಟ್ರಿ ಹಾಕಿಸಿಕೊಂಡು ಬರಿಗೈಲಿ ಬರುತ್ತಿದ್ದರು. ಆಮೇಲೆ ದುಡ್ಡು ತಿಂದವರು ಯಾರು ಎಂಬ ಪ್ರಶ್ನೆ ನಮ್ಮ ಆಫೀಸಿಗೇ ಬರುತ್ತಿತ್ತು. ತಿದ್ದಿದ್ದು: "ಡಿಸೆಂಬರ್ ಲಾಟ್‌ನ ಹಣ 5ನೇ ತಾರೀಖು ಬಿಡುಗಡೆ ಆಗಬೇಕಿತ್ತು, ಇನ್ನೂ ಆಗಿಲ್ಲ." 'ಇನ್ನೂ ಆಗಿಲ್ಲ' ಮೂಲದಲ್ಲಿ ಪದವಾಗಿ ಇಲ್ಲ, ಅರ್ಥವಾಗಿ ಇದೆ. ಬಾಕಿ ತೀರಿಸುವ ಮಾತು ಮುಂದಿನ ಸಾಲಿನಲ್ಲೇ ಇರುವುದರಿಂದ ಇದನ್ನು ಸೇರಿಸಲು ನನಗೆ ಧೈರ್ಯ ಬಂತು. ಹಾಗೆ ಇಲ್ಲದಿದ್ದರೆ 'ಆಗಬೇಕಿತ್ತು' ಎನ್ನುವಲ್ಲಿಗೇ ನಿಲ್ಲಿಸುತ್ತಿದ್ದೆ.

ಕಾಲ ಮತ್ತು ನಿಷೇಧ ಕೂಡಿದ ಜಾಗ ಇನ್ನೂ ಅಪಾಯದ್ದು. 'ಹಣ ಕಳಿಸಿಲ್ಲ', 'ಹಣ ಕಳಿಸಲಿಲ್ಲ', 'ಹಣ ಕಳಿಸುವುದಿಲ್ಲ'. ಮೊದಲನೆಯದು ಇನ್ನೂ ಕಳಿಸಬಹುದು ಎನ್ನುತ್ತದೆ. ಎರಡನೆಯದು ಆಗ ಕಳಿಸದೆ ಹೋದರು ಎನ್ನುತ್ತದೆ. ಮೂರನೆಯದು ಜಗಳ. ಆಡುಮಾತಿನಲ್ಲಿ 'ಕಳಿಸಿಲ್ಲ' ಮತ್ತು 'ಕಳಿಸಲ್ಲ' ನಡುವೆ ಒಂದು ಗುಡಿಸು ಮಾತ್ರ ಇರುವುದು. ಇಂಗ್ಲಿಷಿನ 'ಹ್ಯಾವ್ ನಾಟ್' ಕಂಡ ಕಡೆಯೆಲ್ಲ ಕನ್ನಡದಲ್ಲಿ 'ವುದಿಲ್ಲ' ಇದೆಯಾ ಎಂದು ಬೇಕಂತಲೇ ಹುಡುಕಿ. ಇದ್ದರೆ 99 ಪಾಲು ತಪ್ಪು ಅಂತ ನನ್ನ ಅನುಭವ ಹೇಳುತ್ತದೆ.

ಇನ್ನು 'ಸೆಟ್', 'ಪುಟ್', 'ಕಟ್' ಥರದ ಪದಗಳು. ಇಂಗ್ಲಿಷಿನಲ್ಲಿ ಇವಕ್ಕೆ ನಿನ್ನೆಗೂ ಇವತ್ತಿಗೂ ಒಂದೇ ರೂಪ. 'ವಿ ಸೆಟ್ ದ ರೇಟ್' ಅಂದರೆ ರೇಟು ನಿಗದಿ ಮಾಡಿದೆವೋ, ಯಾವಾಗಲೂ ನಾವೇ ನಿಗದಿ ಮಾಡುತ್ತೇವೋ? ಅಕ್ಕಪಕ್ಕದ ವಾಕ್ಯ ನೋಡಿ ನೀವೇ ತೀರ್ಮಾನಿಸಬೇಕು.

ನಾಲ್ಕನೇ ಸಾಲಿನ "ಕಳುಹಿಸುತ್ತಿದ್ದೇವೆ" ಸರಿಯಾ? 'ಗುರುವಾರ' ಜೊತೆಗಿರುವುದರಿಂದ ನಡೆಯುತ್ತದೆ, ನಾವೂ ಹಾಗೇ ಮಾತಾಡುತ್ತೇವೆ. ದಿನದ ಹೆಸರು ಬೇರೆ ವಾಕ್ಯಕ್ಕೆ ಹೋಗಿದ್ದರೆ ಲಾರಿ ಈಗಲೇ ಹೊರಟಿದೆ ಎಂದಾಗುತ್ತಿತ್ತು. ಆಗ 'ಕಳಿಸುತ್ತೇವೆ' ಮಾಡಿ.

ಹೆಜ್ಜೆ 5: ಜಾರಿದ ಅರ್ಥ

ಮೂರನೇ ಸುತ್ತಿನಲ್ಲಿ ಎರಡು ಪ್ರಶ್ನೆ ಸಾಕು. ಯಾರು ಮಾಡುವುದು? ಈ ಪದ ನಮ್ಮ ವ್ಯವಹಾರದಲ್ಲಿ ಏನು?

ಎಂಟನೇ ಸಾಲಿನಲ್ಲಿ 'ತೂಕದ ಚೀಟಿಗಳನ್ನು ಸ್ವೀಕರಿಸಿದ ನಂತರ' ಅಂತಿದೆ. ಯಾರು ಸ್ವೀಕರಿಸಿದ ನಂತರ? ಮೂಲದಲ್ಲೂ ಹೆಸರಿಲ್ಲ, ಆದರೆ ಬರೆದವರು ಖರೀದಿದಾರರು, ಚೀಟಿ ಅವರ ಕೈ ಸೇರಬೇಕು. ಕನ್ನಡದಲ್ಲಿ ರೈತರು ಓದಿದರೆ ತಮಗೆ ಚೀಟಿ ಸಿಕ್ಕ ಕೂಡಲೇ ಹಣ ಬರುತ್ತದೆ ಎಂದುಕೊಳ್ಳುತ್ತಾರೆ. ವೇ ಬ್ರಿಜ್‌ನಲ್ಲಿ ಚೀಟಿ ಅವರ ಕೈಗೆ ಅವತ್ತೇ ಸಿಗುತ್ತದಲ್ಲ! ಚೀಟಿಯನ್ನು ಜೇಬಲ್ಲಿಟ್ಟುಕೊಂಡು ಹಣಕ್ಕೆ ಕಾಯುತ್ತಾ ಕೂರುತ್ತಾರೆ. 'ಲಾಗುವುದು', 'ಲಾಗಿದೆ' ಕಂಡ ಕಡೆಯೆಲ್ಲ ಯಾರು ಎಂದು ಕೇಳಿ, ಉತ್ತರವನ್ನು ವಾಕ್ಯದೊಳಗೆ ಇಡಿ: "ತೂಕದ ಚೀಟಿಗಳು ಖರೀದಿದಾರರ ಕೈ ಸೇರಿದ ಮೇಲೆ ಅವರು ಬಾಕಿ ಹಣ ಕೊಡುತ್ತಾರೆ." 'ತೆರವುಗೊಳಿಸಲಾಗುವುದು' ಕೂಡ ಹೋಯಿತು. ಒತ್ತುವರಿ ತೆರವು ಕೇಳಿದ್ದೇವೆ, ಬಾಕಿ ತೆರವು ಯಾರೂ ಅನ್ನುವುದಿಲ್ಲ.

'ನಾವು', 'ನೀವು' ಕೂಡ ನೋಡಿಕೊಳ್ಳಿ. ಮೂಲದ 'ವಿ' ಖರೀದಿದಾರರು. ಅದೇ ಮೇಲ್ ನಮ್ಮ ಸಂಸ್ಥೆಯ ಹೆಸರಿನಲ್ಲಿ ಹಳ್ಳಿಗೆ ಹೋದರೆ 'ನಾವು' ನಮ್ಮ ಆಫೀಸಾಗುತ್ತದೆ. ಅನುವಾದ ಅಕ್ಷರಶಃ ಸರಿ, ಆದರೂ ಲಾರಿ ಕಳಿಸುವವರು ನಾವೇ ಎಂದಾಗಿಬಿಡುತ್ತದೆ. ಅದಕ್ಕೆ ಮೇಲ್ ಶುರುವಿನಲ್ಲೇ "ಖರೀದಿದಾರರು ಬರೆದ ಪತ್ರ ಇದು, ಇಲ್ಲಿ ನಾವು ಅಂದರೆ ಅವರು" ಎಂದು ಒಂದು ಸಾಲು ಹಾಕುತ್ತೇನೆ. ಎಲ್ಲಿ ಅದೂ ಸಾಲದೋ ಅಲ್ಲಿ 'ಖರೀದಿದಾರರು' ಎಂದೇ ಬರೆಯುತ್ತೇನೆ.

ಒಂಬತ್ತನೇ ಸಾಲಿನ 'ಆಸಕ್ತಿ' ಬಡ್ಡಿಯಾಗಬೇಕಿತ್ತು. ಇಂಥವು ನಗು ತರಿಸುತ್ತವೆ, ಹಾಗಾಗಿ ಸುಲಭವಾಗಿ ಸಿಕ್ಕಿಬೀಳುತ್ತವೆ. ನಗು ತರಿಸದವೇ ಕಷ್ಟ. 'ಕರೆಂಟ್ ಅಕೌಂಟ್' 'ಪ್ರಸ್ತುತ ಖಾತೆ' ಆದರೆ ಓದುವವರು ಈಗಿರುವ ಉಳಿತಾಯ ಖಾತೆ ನಂಬರ್ ಕೊಡುತ್ತಾರೆ. ಬೇಕಾಗಿದ್ದು ಚಾಲ್ತಿ ಖಾತೆ. 'ಬೈ ಥರ್ಸ್‌ಡೇ' 'ಗುರುವಾರದವರೆಗೆ' ಆದರೆ ಗುರುವಾರದ ತನಕ ದಿನಾ ಕಳಿಸುತ್ತಿರಬೇಕು ಎಂದಾಗುತ್ತದೆ. ಬೇಕಾಗಿದ್ದು 'ಗುರುವಾರದೊಳಗೆ'. ನಿಮ್ಮ ಕೆಲಸದಲ್ಲಿ ಪದೇ ಪದೇ ಬರುವ ಇಂಥ ಪದಗಳನ್ನು ಅದೇ ಶೀಟಿನ ಇನ್ನೊಂದು ಪುಟದಲ್ಲಿ ಬರೆದಿಟ್ಟುಕೊಳ್ಳಿ. ನನ್ನ ಪಟ್ಟಿಯಲ್ಲಿ ಈಗ 40 ಚಿಲ್ಲರೆ ಇವೆ.

ಮರಳಿ ಅನುವಾದಿಸಿ ನೋಡಿದರೆ ಸಾಲದೇ?

ಕನ್ನಡ ಕರಡನ್ನು ಮತ್ತೆ ಇಂಗ್ಲಿಷಿಗೆ ತಿರುಗಿಸಿ ನೋಡುವುದು ಹಲವರ ಅಭ್ಯಾಸ. ಮೂರನೇ, ಐದನೇ ಸಾಲಿನಂಥ ತಪ್ಪು ಅದರಲ್ಲಿ ಸಿಗುತ್ತದೆ. ಆದರೆ 'ಆಸಕ್ತಿ' ಮರಳಿ ಇಂಗ್ಲಿಷಿಗೆ ಹೋದರೆ ಮತ್ತೆ ಅದೇ 'ಇಂಟರೆಸ್ಟ್' ಆಗಿ ಬರುತ್ತದೆ, ಏನೂ ಆಗಿಲ್ಲವೇನೋ ಎಂಬಂತೆ. 'ಅವೆಲ್ಲವೂ ಉತ್ತೀರ್ಣವಾಗಿಲ್ಲ' ಕೂಡ 'ನಾಟ್ ಆಲ್' ಆಗಿಯೇ ಮರಳಬಹುದು. ಹೋಗುವಾಗ ಜಾರಿದ ದಾರಿಯಲ್ಲೇ ಬರುವಾಗಲೂ ಜಾರಿದರೆ ಮೊದಲಿದ್ದ ಜಾಗಕ್ಕೇ ಬಂದು ನಿಲ್ಲುತ್ತೇವೆ. ಸಮಯ ತೀರಾ ಕಡಿಮೆ ಇದ್ದಾಗ ಮಾಡಿ. ಬೆರಳಿಟ್ಟು ಓದುವುದರ ಬದಲಿಗೆ ಮಾಡಬೇಡಿ.

ಹೆಜ್ಜೆ 6: ಇಂಗ್ಲಿಷ್ ನೋಡದವರಿಗೆ ಓದಿಸಿ

D ಕಾಲಂ ತುಂಬಿದ ಮೇಲೆ ಅದನ್ನು ಮಾತ್ರ ನಕಲಿಸಿ, ಮೂಲ ನೋಡದ ಒಬ್ಬರಿಗೆ ತೋರಿಸಿ. "ಅರ್ಥ ಆಯ್ತಾ?" ಎಂದು ಕೇಳಬೇಡಿ. ಎಲ್ಲರೂ ಆಯ್ತು ಅಂತಾರೆ. "ಗುರುವಾರ ನೀವೇನು ಮಾಡ್ತೀರಿ?" ಎಂದು ಕೇಳಿ. ಅವರ ಉತ್ತರವನ್ನು ಮೊದಲ ಹೆಜ್ಜೆಯ ಚೀಟಿಯ ಜೊತೆ ಹೋಲಿಸಿ.

ನಾನು ತೋರಿಸುವುದು ನಮ್ಮ ಗೋದಾಮು ನೋಡಿಕೊಳ್ಳುವ ಅಣ್ಣನಿಗೆ. ಕೆಳಗಿನದು ಅವರಿಗೆ ಕೊಟ್ಟ ಪ್ರತಿ:

*ಖರೀದಿದಾರರು ಬರೆದ ಪತ್ರ ಇದು, ಇಲ್ಲಿ ನಾವು ಅಂದರೆ ಅವರು. ಏಳೂ ಹಳ್ಳಿಗಳ ಮಾದರಿ ನಮಗೆ ಬಂದಿವೆ. ಏಳರಲ್ಲಿ ಕೆಲವು ಮಾದರಿಗಳು ಪಾಸಾಗಿಲ್ಲ. ತೇವಾಂಶ ಶೇಕಡಾ 12ಕ್ಕಿಂತ ಕಡಿಮೆ ಇದ್ದರೆ ಮಾತ್ರ ಲೋಡ್ ಮಾಡಿ. ಸರಿಯಾಗಿ 12 ಇದ್ದರೂ, ಅದಕ್ಕಿಂತ ಜಾಸ್ತಿ ಇದ್ದರೂ ಮಾಡಬೇಡಿ. ಬಿತ್ತನೆ ರಾಗಿಗೆ ಈ ನಿಯಮ ಇಲ್ಲ. ಗುರುವಾರ ಲಾರಿ ಕಳಿಸುತ್ತೇವೆ. ಚೀಲಗಳು ಬೆಳಿಗ್ಗೆ 10 ಗಂಟೆಯೊಳಗೆ ಗೋದಾಮು ತಲುಪಬೇಕು. ಖಾಲಿ ಗೋಣಿಚೀಲ ವಾಪಸ್ ಕಳಿಸಬೇಕಾಗಿಲ್ಲ. ಡಿಸೆಂಬರ್ ಲಾಟ್‌ನ ಹಣ 5ನೇ ತಾರೀಖು ಬಿಡುಗಡೆ ಆಗಬೇಕಿತ್ತು, ಇನ್ನೂ ಆಗಿಲ್ಲ. ತೂಕದ ಚೀಟಿಗಳು ಖರೀದಿದಾರರ ಕೈ ಸೇರಿದ ಮೇಲೆ ಅವರು ಬಾಕಿ ಹಣ ಕೊಡುತ್ತಾರೆ. ಈ ಹಣಕ್ಕೆ ಬಡ್ಡಿ ಸಿಗುವುದಿಲ್ಲ.*

ಅಣ್ಣ ಓದಿ, ಗುರುವಾರ ಏನು ಮಾಡಬೇಕೆಂದು ಸರಿಯಾಗಿಯೇ ಹೇಳಿದರು. ಆಮೇಲೆ ಕೇಳಿದರು: "ಪಾಸಾಗದ ಹಳ್ಳಿಯವರು ಒಣಗಿಸಿಕೊಂಡು ತಂದ್ರೆ ತಗೊಳ್ತಾರಾ?"

ಅದು ಮೂಲದಲ್ಲೂ ಇರಲಿಲ್ಲ. ಬೆಂಗಳೂರಿಗೆ ಫೋನ್ ಮಾಡಿದೆ. ತಗೊಳ್ತಾರಂತೆ. ಇನ್ನೊಂದು ಸಾಲು ಸೇರಿಸಿ ಕಳಿಸಿದೆ.